ಹಸಿರು ಟಿಕ್ಕಿನ ಕೆಳಗಿನ ಸಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಸುಳ್ಳು. ನನ್ನ ಮೂಗು ಚಿಕ್ಕದು, ಅಷ್ಟು ಕೋಪ ಅಲ್ಲಿ ಹಿಡಿಸುವುದಿಲ್ಲ.

ನಮ್ಮದು ಮಕ್ಕಳ ಸಾಮಾನಿನ ಅಂಗಡಿ. ಹಳೆಯ ತಳ್ಳುಗಾಡಿ ಕೊಳ್ಳುತ್ತೇವೆ, ರಿಪೇರಿ ಮಾಡಿ ಮಾರುತ್ತೇವೆ. ಹಾಲಿನ ಬಾಟಲಿ ಮಾತ್ರ ಹೊಸದೇ, ಬಳಸಿದ ಬಾಟಲಿಯನ್ನು ನಾನು ಹೊಸಿಲು ದಾಟಲು ಬಿಡುವುದಿಲ್ಲ. ಕೊಳ್ಳುವುದು, ಮಾರುವುದು, ಜಗಳ ಆಡುವುದು ನನ್ನ ಕೆಲಸ. ರಿಪೇರಿ ನನ್ನ ಮೈದುನನದು. ಮೂವತ್ತು ವರ್ಷದಿಂದ ಅವನು ಅದೇ ಮೂಲೆಯಲ್ಲಿ, ಅದೇ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ ಚಕ್ರ ತಿರುಗಿಸುತ್ತಿದ್ದಾನೆ. ಬೀದಿಯವರು ಅವನನ್ನು ಸ್ಪ್ಯಾನರ್ ಎನ್ನುತ್ತಾರೆ. ಅವನ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ ಎಂದು ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದರು.

ನನ್ನದೊಂದು ಪದ್ಧತಿಯಿದೆ. ಯಾರೇ ಹಳೆಯ ಗಾಡಿ ಮಾರಲು ಫೋನ್ ಮಾಡಿದರೂ ಮೊದಲು ನಾಲ್ಕು ಫೋಟೊ ಕೇಳುತ್ತೇನೆ. ಬಿಚ್ಚಿ ನಿಲ್ಲಿಸಿದ್ದು ಒಂದು, ಮಡಿಸಿದ್ದು ಒಂದು, ಮಡಿಸುವ ಜಾಗದ ಲಾಕು ಹತ್ತಿರದಿಂದ ಒಂದು, ಸೀಟಿನ ಕೆಳಗಿನ ಚೀಟಿ ಒಂದು. ಚೀಟಿಯಲ್ಲಿ ಸುರಕ್ಷತೆಯ ಮುದ್ರೆ ಇರಬೇಕು. ಮುದ್ರೆಯ ಮೇಲೆ ಯಾವ ನಿಯಮದ ಪ್ರಕಾರ ಪರೀಕ್ಷೆ ಆಯಿತು ಎನ್ನುವ ಸಂಖ್ಯೆ, ಕೆಳಗೆ ಕಂಪನಿಯ ಪರವಾನಗಿ ಸಂಖ್ಯೆ. ನಾಲ್ಕರಲ್ಲಿ ಒಂದು ಫೋಟೊ ಕಳಿಸದಿದ್ದರೂ ಗಾಡಿ ನಮ್ಮ ಅಂಗಡಿಗೆ ಬರುವ ಹಾಗಿಲ್ಲ. ಕೆಲವರು ಚೀಟಿ ಎಂದರೆ ತಳದಲ್ಲಿರುವ ಬಾಣಗಳ ತ್ರಿಕೋನದ ಫೋಟೊ ಕಳಿಸುತ್ತಾರೆ. ಅದು ಪ್ಲಾಸ್ಟಿಕ್ ಯಾವ ಜಾತಿಯದು ಎಂದು ಗುಜರಿಯವನಿಗೆ ಹೇಳುವ ಗುರುತು, ಮಗುವಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಇಷ್ಟೆಲ್ಲ ಬುದ್ಧಿ ಹೇಳುವ ನಾನೇ ಎಡವಿದೆ. ಅದನ್ನೂ ಹೇಳಿಬಿಡುತ್ತೇನೆ.

ಒಂದು ಶುಕ್ರವಾರ ಸುರಕ್ಷತಾ ಕಚೇರಿಯಿಂದ ನೋಟಿಸು ಬಂತು. ನಾವು ಮೂರು ತಿಂಗಳ ಹಿಂದೆ ಮಾರಿದ ನೀಲಿ ತಳ್ಳುಗಾಡಿ, ಫುಟ್‌ಪಾತಿನ ಅಂಚಿಗೆ ಮುಂದಿನ ಚಕ್ರ ತಾಗಿದ ಕೂಡಲೇ, ಮಗು ಒಳಗಿರುವಾಗಲೇ ಮಡಿಸಿಕೊಂಡಿತ್ತು. ಒಂಬತ್ತು ತಿಂಗಳ ಹೆಣ್ಣುಮಗು. ಹೆಬ್ಬೆರಳು ಕೀಲಿನಲ್ಲಿ ಸಿಕ್ಕಿ ಮೂರು ಹೊಲಿಗೆ ಬಿದ್ದಿದ್ದವು. ಮುಂದಿನ ಗುರುವಾರ ವಿಚಾರಣೆ, ಅಲ್ಲಿಯವರೆಗೆ ಅಂಗಡಿಯಲ್ಲಿ ಒಂದು ಗಾಡಿಯನ್ನೂ ಮಾರುವಂತಿಲ್ಲ, ತಪ್ಪು ಸಾಬೀತಾದರೆ ರಿಪೇರಿಯ ಪರವಾನಗಿ ರದ್ದು.

ಗಾಡಿಯೇ ಇರಲಿಲ್ಲ. ಮಗುವಿನ ಅಜ್ಜಿ ಸಿಟ್ಟಿನಲ್ಲಿ ಅದನ್ನು ಗುಜರಿಯ ಲಾರಿಗೆ ಎಸೆದಿದ್ದರು. ಅದಕ್ಕೆ ಮುಂಚೆ ಮಗುವಿನ ತಾಯಿ ತೆಗೆದಿದ್ದ ಎರಡು ಫೋಟೊ ಮಾತ್ರ ಉಳಿದಿದ್ದವು. ಇಡೀ ಗಾಡಿಯದು ಒಂದು, ಕಚೇರಿಯವರು ಫೋನಿನಲ್ಲಿ ಕೇಳಿದ್ದಕ್ಕೆ ಚೀಟಿಯದು ಇನ್ನೊಂದು. ಅವೆರಡನ್ನೂ ಕಚೇರಿಯವರು ನನ್ನ ಫೋನಿಗೂ ಕಳಿಸಿದ್ದರು.

ನಾನು ನೋಟಿಸನ್ನು ಗಟ್ಟಿಯಾಗಿ ಓದಿದೆ. ಮೈದುನ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದ.

"ಅತ್ತಿಗೆ, ಆ ಲಾಕು ನಾನೇ ಬಿಚ್ಚಿ ಹಾಕಿದ್ದು," ಎಂದ. "ಸರಿಯಾಗಿ ಕೂರಿಸಿದ್ನೋ ಇಲ್ವೋ."

"ನೀನು ಕೂರಿಸದೆ ಇರ್ತೀಯಾ?"

"ಗೊತ್ತಿಲ್ಲ. ಈಗ ನೆನಪಿಸ್ಕೊಂಡ್ರೆ ಕೈಗೆ ಏನೂ ನೆನಪಾಗ್ತಿಲ್ಲ."

ಅಂಗಡಿ ಹೋದರೆ ಹೋಗಲಿ, ಇನ್ನೊಂದು ಹುಡುಕಿಕೊಳ್ಳಬಹುದು. ಮೂವತ್ತು ವರ್ಷ ಮಕ್ಕಳ ಗಾಡಿಯನ್ನು ತನ್ನ ಮಕ್ಕಳಂತೆ ನೋಡಿದವನು, ತನ್ನ ಕೈಯಿಂದಲೇ ಒಂದು ಮಗುವಿನ ಬೆರಳಿಗೆ ಗಾಯವಾಯಿತು ಎಂದು ನಂಬಿ ಉಳಿದ ಆಯುಷ್ಯ ಕಳೆಯಬೇಕಾದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಅವತ್ತಿನಿಂದ ಅವನು ಸ್ಟೂಲಿನ ಮೇಲೆ ಕೂತ, ಉಪಕರಣ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬಂದ, ತಟ್ಟೆ ನೋಡಿಕೊಂಡು ಎದ್ದುಹೋದ.

ಫೋಟೊದಲ್ಲಿದ್ದ ಗಾಡಿ ನಮ್ಮದೇ ಎನ್ನುವುದರಲ್ಲಿ ನನಗೂ ಅನುಮಾನ ಇರಲಿಲ್ಲ. ಅದೇ ನೀಲಿ, ಅದೇ ಮುಚ್ಚಳ, ಅದೇ ನಾಲ್ಕು ಜೋಡಿ ಚಕ್ರ, ಕೊಂಡವರ ಮನೆಯೂ ಅದೇ. ಕಂಪನಿಯ ಗಾಡಿಯೇ ಕಳಪೆಯಿರಲಿ ದೇವರೇ ಎಂದುಕೊಂಡು ಚೀಟಿಯ ಪರವಾನಗಿ ಸಂಖ್ಯೆಯನ್ನು ಫೋನಿನ ತಪಾಸಣೆ ಆ್ಯಪಿಗೆ ಹಾಕಿದೆ. ದೊಡ್ಡ ಹಸಿರು ಟಿಕ್ಕು ಬಂತು. 'ಪರವಾನಗಿ ಚಾಲ್ತಿಯಲ್ಲಿದೆ.' ಫೋನು ಮುಚ್ಚಿ ಮೇಜಿನ ಮೇಲೆ ಕುಕ್ಕಿದೆ. ಕಚೇರಿಯ ಗುಮಾಸ್ತನಿಗೆ ಫೋನ್ ಮಾಡಿದಾಗ ಅವನೂ ಅದನ್ನೇ ಹೇಳಿದ.

"ನಾವೂ ಚೆಕ್ ಮಾಡಿದ್ವಿ ಮೇಡಂ. ಹಸಿರು ಬಂದಿದೆ. ಅಂದ್ರೆ ಗಾಡಿ ತಯಾರಾಗುವಾಗ ಚೆನ್ನಾಗೇ ಇತ್ತು. ಆಮೇಲೆ ಅದರ ಲಾಕು ಬಿಚ್ಚಿದವರು ಯಾರು, ನೀವೇ ಹೇಳಿ."

ಹೀಗೆ ಒಂದು ಟಿಕ್ಕು ಕಂಪನಿಯನ್ನು ಬಿಡಿಸಿ ನನ್ನ ಮೈದುನನನ್ನು ಕಟ್ಟಿಹಾಕಿತು. ಗುಮಾಸ್ತ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಹಸಿರು ಕಂಡ ಕೂಡಲೇ ಅದರ ಕೆಳಗಿನ ಸಾಲನ್ನು ಓದುವುದು ಬಿಟ್ಟಿದ್ದೆ.

ಶನಿವಾರ, ಭಾನುವಾರ, ಸೋಮವಾರ ಹಾಗೇ ಹೋದವು. ಮಂಗಳವಾರ ಬೆಳಗ್ಗೆ ಹೊಸ ಹಾಲಿನ ಬಾಟಲಿಗಳ ಪೆಟ್ಟಿಗೆ ಬಂತು. ಗಾಡಿ ಮಾರುವಂತಿಲ್ಲ, ಬಾಟಲಿ ಮಾರಬಹುದಲ್ಲ. ಒಂದೊಂದನ್ನೇ ತಿರುಗಿಸಿ ಮುದ್ರೆ ನೋಡಿ ಕಪಾಟಿನಲ್ಲಿಡುವುದು ನನ್ನ ಅಭ್ಯಾಸ. ಆರನೆಯದೋ ಏಳನೆಯದೋ ಬಾಟಲಿ ಕೈಯಲ್ಲಿತ್ತು. ಮುದ್ರೆಯ ಮೇಲಿದ್ದ ನಿಯಮದ ಸಂಖ್ಯೆ ಅರವತ್ತೆರಡರಲ್ಲಿ ಮುಗಿಯುತ್ತಿತ್ತು. ಎಲ್ಲಾ ಬಾಟಲಿಗೂ ಅದೇ ಇರುತ್ತದೆ, ಸಾವಿರ ಸಲ ನೋಡಿದ್ದೇನೆ. ಅವತ್ತು ಮಾತ್ರ ಕೈ ಅಲ್ಲೇ ನಿಂತಿತು. ಕಳೆದ ನಾಲ್ಕು ದಿನದಿಂದ ಆ ಅರವತ್ತೆರಡು ಬೇರೆ ಎಲ್ಲಿಂದಲೋ ಬಂದು ನನ್ನ ತಲೆಯಲ್ಲಿ ಕೂತಿತ್ತು.

ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಫೋನು ತೆಗೆದು ದೂರಿನ ಚೀಟಿಯ ಫೋಟೊ ದೊಡ್ಡದು ಮಾಡಿದೆ. ಮುದ್ರೆಯ ಮೇಲೆ ಅದೇ ಸಂಖ್ಯೆ. ತಳ್ಳುಗಾಡಿಯ ನಿಯಮವೇ ಬೇರೆ, ಸಂಖ್ಯೆಯೇ ಬೇರೆ. ಮತ್ತೆ ಪರವಾನಗಿ ಸಂಖ್ಯೆ ಹಾಕಿದೆ. ಹಸಿರು ಬಂತು. ಈ ಸಲ ಬೆರಳಿಂದ ಪರದೆ ಮೇಲಕ್ಕೆ ಸರಿಸಿ ಕೆಳಗಿನದನ್ನು ಓದಿದೆ. ಪರವಾನಗಿ ಇರುವುದು ಒಂದು ಬಾಟಲಿ ಕಾರ್ಖಾನೆಗೆ. ವಸ್ತು, ಶಿಶುಗಳ ಪ್ಲಾಸ್ಟಿಕ್ ಹಾಲಿನ ಬಾಟಲಿ.

ಯಾವನೋ ಪುಣ್ಯಾತ್ಮ ಮನೆಯಲ್ಲಿದ್ದ ಹಾಲಿನ ಬಾಟಲಿಯ ಮುದ್ರೆಯನ್ನು ಇದ್ದಹಾಗೇ ನಕಲು ಮಾಡಿ ತಳ್ಳುಗಾಡಿಗೆ ಅಂಟಿಸಿದ್ದ. ಕಳ್ಳತನಕ್ಕೂ ಒಂದಿಷ್ಟು ಓದು ಬೇಕು.

ಸಂತೋಷದ ಜೊತೆಗೆ ನಾಚಿಕೆಯೂ ಆಯಿತು. ಏಕೆಂದರೆ ನಾವು ಮಾರಿದ ಗಾಡಿಯ ನಾಲ್ಕು ಫೋಟೊಗಳೂ ಇದೇ ಫೋನಿನಲ್ಲಿದ್ದವು. ದೀಪದ ಬುಡದಲ್ಲಿ ಕತ್ತಲೆ ಎಂದು ಊರಿಗೆಲ್ಲ ಹೇಳುವವಳು ನಾನು. ತೆಗೆದು ಪಕ್ಕ ಪಕ್ಕ ಇಟ್ಟೆ. ನಮ್ಮ ಚೀಟಿಯಲ್ಲಿ ತಳ್ಳುಗಾಡಿಯದೇ ನಿಯಮ, ಗಾಡಿ ಕಂಪನಿಯದೇ ಪರವಾನಗಿ. ಲಾಕು ನೋಡಿದೆ. ಒಳ್ಳೆಯ ಗಾಡಿಗೆ ಎರಡು ಲಾಕು ಇರುತ್ತವೆ. ಒಂದು ಜಾರಿದರೂ ಇನ್ನೊಂದು ಮಡಿಸಲು ಬಿಡುವುದಿಲ್ಲ. ನಮ್ಮದರಲ್ಲಿ ಎರಡನೆಯ ಕೆಂಪು ಲಾಕಿನ ಹಿಂದೆ ಬೆರಳು ತೂರಿಸುವಷ್ಟು ಸಂದು ಇತ್ತು. ದೂರಿನ ಫೋಟೊದಲ್ಲಿ ಸಂದೇ ಇರಲಿಲ್ಲ. ಅದು ಲಾಕಲ್ಲ, ಲಾಕಿನ ಆಕಾರದಲ್ಲಿ ಉಬ್ಬಿಸಿ ಕೆಂಪು ಬಳಿದ ಪ್ಲಾಸ್ಟಿಕ್ಕು.

"ಬಾರೋ ಇಲ್ಲಿ," ಎಂದೆ ಮೈದುನನಿಗೆ. "ಇದು ನಿನ್ನ ಕೈ ಮುಟ್ಟಿದ ಗಾಡಿನೇ ಅಲ್ಲ."

ಅವನು ಬಹಳ ಹೊತ್ತು ನೋಡಿದ. "ಅವ್ರು ಕೊಂಡಿದ್ದು ನಮ್ಮತ್ರ ತಾನೆ? ಹಾಗಾದ್ರೆ ಇದು ಅವ್ರ ಮನೆಗೆ ಹೇಗ್ ಬಂತು? ನಾವೇ ಕೊಟ್ಟಿದ್ದು ಅಂತಾರೆ ಅತ್ತಿಗೆ. ಬಿಟ್ಬಿಡಿ."

ಪ್ರಶ್ನೆ ಸರಿಯಾಗೇ ಇತ್ತು. ಬಿಟ್ಟುಬಿಡಿ ಎಂದದ್ದು ಮಾತ್ರ ನನಗೆ ಹಿಡಿಸಲಿಲ್ಲ.

ಆ ಸಂಜೆಯೇ ಮಗುವಿನ ಮನೆಗೆ ಹೋದೆ. ಮಗುವಿನ ತಾಯಿ ಬಾಗಿಲು ತೆರೆದಳು. ಹಿಂದಿನಿಂದ ಅಜ್ಜಿ ಬಂದವರೇ ಶುರು ಮಾಡಿದರು. ಬೈಗುಳದಲ್ಲಿ ನನಗೆ ಸರಿಸಮ ಯಾರೂ ಇಲ್ಲ ಎಂದುಕೊಂಡಿದ್ದೆ, ಅವತ್ತು ಸೋತೆ. ಸುಮ್ಮನೆ ನಿಂತು ಕೇಳಿಸಿಕೊಂಡೆ. ಮಗು ಅವರ ಸೊಂಟದ ಮೇಲೆ ಕೂತು ಬಿಳಿ ಪಟ್ಟಿ ಸುತ್ತಿದ ಹೆಬ್ಬೆರಳನ್ನು ನನಗೆ ತೋರಿಸುತ್ತಿತ್ತು. ಅದನ್ನು ನೋಡಿದರೆ ಯಾರಿಗೆ ಎದುರುತ್ತರ ಕೊಡುವ ಮನಸ್ಸು ಬರುತ್ತದೆ?

ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದೆ. "ಅಮ್ಮಾ, ಒಂದೇ ಒಂದು ಮಾತು. ಆ ಗಾಡಿನ ಎಲ್ಲಾದ್ರೂ ಬೇರೆ ಗಾಡಿಗಳ ಜೊತೆ ಬಿಟ್ಟಿದ್ರಾ?"

"ಲಸಿಕೆ ಹಾಕ್ಸೋಕೆ ಹೋದಾಗ ಬಿಟ್ಟಿದ್ವಿ. ಒಳಗೆ ತರಬೇಡಿ ಅಂತಾರಲ್ಲ, ಮೆಟ್ಟಿಲ ಕೆಳಗೆ ಎಲ್ಲಾ ಸಾಲಾಗಿ ನಿಲ್ಸಿರ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅವತ್ತಿಂದ ಗಾಡಿಯಲ್ಲಿ ಏನಾದ್ರೂ ಬೇರೆ ಥರ ಅನ್ನಿಸ್ತಾ?"

ಮಗುವಿನ ತಾಯಿ ಮೆಲ್ಲಗೆ ಹೇಳಿದಳು. "ಅತ್ತೆ, ಚಕ್ರ ಕೀಚ್ ಕೀಚ್ ಅನ್ನೋಕೆ ಶುರುವಾಗಿದ್ದು ಅವತ್ತಿಂದಾನೇ ಅಲ್ವಾ? ಬರೋ ದಾರಿಯಲ್ಲೇ ನೀವು ಅಂದ್ರಿ."

ಅದಾಗಿ ನಾಳೆಗೆ ಸರಿಯಾಗಿ ನಾಲ್ಕು ವಾರ ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು. ನಾಲ್ಕು ವಾರ ಬಿಟ್ಟು ಎರಡನೆಯ ಡೋಸು ಇರುವ ಮಕ್ಕಳು ಅದೇ ಬುಧವಾರ ಮತ್ತೆ ಬರುತ್ತವಂತೆ. ಗಾಡಿಗಳು ಅಲ್ಲೇ ಅದಲುಬದಲಾಗಿದ್ದರೆ ನಮ್ಮದೂ ಬರಬೇಕು.

ಬುಧವಾರ ಲಸಿಕೆ ಕೇಂದ್ರದ ಬಾಗಿಲು ತೆರೆಯುವ ಮೊದಲೇ ನಾನು ಮೆಟ್ಟಿಲ ಎದುರಿನ ಬೆಂಚಿನ ಮೇಲಿದ್ದೆ. ಒಂದೊಂದೇ ಗಾಡಿ ಬಂತು. ಹಸಿರು, ಬೂದು, ಕೆಂಪು, ಅವಳಿ ಮಕ್ಕಳದು. ಒಳಗೆ ಮಕ್ಕಳು ಸರದಿಯ ಮೇಲೆ ಕಿರುಚುತ್ತಿದ್ದವು. ಹತ್ತೂವರೆಗೆ ಒಂದು ನೀಲಿ ಗಾಡಿ ಬಂತು, ನೋಡಿದರೆ ಹಿಡಿಕೆ ಬೇರೆ. ಹನ್ನೊಂದೂಕಾಲಿಗೆ ಇನ್ನೊಂದು ನೀಲಿ. ಬಿಳಿ ಅಂಗಿಯ ಒಬ್ಬ ಯುವಕ ಅದನ್ನು ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದ. ಒಂದು ಚೂರೂ ಸದ್ದು ಮಾಡದೆ ಉರುಳಿ ಬಂದಿತ್ತು ಗಾಡಿ. ಆ ಮೌನ ಯಾರ ಕೈಕೆಲಸ ಎಂದು ನನಗೆ ಗೊತ್ತಿಲ್ಲವೇ?

ಫೋನು ಹಿಡಿದು ಹೋಗಿ ಕೂತೆ. ಕೆಂಪು ಲಾಕಿನ ಹಿಂದೆ ಬೆರಳು ಇಟ್ಟೆ, ಸಂದಿಗೆ ಸರಿಯಾಗಿ ತೂರಿತು. ಸೀಟಿನ ಕೆಳಗೆ ಬಗ್ಗಿ ಚೀಟಿ ಓದಿದೆ. ನಿಯಮ ಸರಿ, ಪರವಾನಗಿ ಸರಿ, ತಯಾರಿಕೆಯ ತಿಂಗಳು ಸರಿ, ಕೊನೆಯ ಸಾಲಿನ ಕ್ರಮಸಂಖ್ಯೆಯೂ ನನ್ನ ಫೋಟೊದಲ್ಲಿದ್ದದ್ದೇ. ಕೆಳಗಿನ ಬುಟ್ಟಿಯ ಮೂಲೆಯಲ್ಲಿ ಹಳದಿ ದಾರದ ಹೊಲಿಗೆ ಇತ್ತು. ನೀಲಿ ದಾರ ಮುಗಿದಿತ್ತು ಎಂದು ಮೈದುನ ಹಾಕಿದ್ದು, ನಾನು ಅದಕ್ಕೆ ಅವನನ್ನು ಬೈದಿದ್ದೆ.

"ಏನ್ರೀ ಅಮ್ಮಾ, ನಮ್ಮ ಗಾಡಿ ಕೆಳಗೆ ಏನ್ ಹುಡುಕ್ತಿದ್ದೀರಿ?"

ಬಿಳಿ ಅಂಗಿಯವನು ಅಳುವ ಮಗುವಿನೊಂದಿಗೆ ಹಿಂದೆ ನಿಂತಿದ್ದ. ನಾನು ಮೊಣಕಾಲಿನ ಮೇಲಿದ್ದೆ, ಒಂದು ಕೈ ಸೀಟಿನ ಕೆಳಗಿತ್ತು. ಕಳ್ಳಿಯ ಹಾಗೆ ಸಿಕ್ಕಿಬಿದ್ದಿದ್ದೆ. ಎದ್ದು ಧೂಳು ಕೊಡವಿ ಎಲ್ಲವನ್ನೂ ಹೇಳಿದೆ.

ಅವನು ಮೊದಲು ನಂಬಲಿಲ್ಲ. "ಇದನ್ನ ನಾವು ಆನ್‌ಲೈನ್‌ನಲ್ಲಿ ಹೊಸದೇ ತಗೊಂಡಿದ್ದು."

"ಹೊಸದಕ್ಕೆ ಹಳದಿ ಹೊಲಿಗೆ ಯಾರು ಹಾಕಿದ್ರು?"

"ನಮ್ಮವಳು ಹಾಕಿರ್ಬೇಕು ಅಂದ್ಕೊಂಡೆ. ಅವಳು, ನಮ್ಮಮ್ಮ ಹಾಕಿರ್ಬೇಕು ಅಂದ್ಲು."

"ಒಂದು ತಿಂಗಳಿಂದ ಗಾಡಿ ಚೆನ್ನಾಗಿ ಓಡ್ತಿಲ್ವಾ?"

ಅವನ ಮುಖ ಕೆಂಪಾಯಿತು. "ಹೌದು. ಕೀಚ್ ಅನ್ನೋದು ನಿಂತೋಯ್ತು. ಹಿಂದಿನ ದಿನ ನಾನೇ ಚಕ್ರಕ್ಕೆ ಎಣ್ಣೆ ಬಿಟ್ಟಿದ್ದೆ, ಅದರಿಂದಾನೇ ಅಂತ ಮನೇಲೆಲ್ಲಾ ಹೇಳ್ಕೊಂಡು ತಿರುಗಾಡ್ದೆ. ಆಮೇಲೂ ವಾರಕ್ಕೊಂದು ಸಲ ಬಿಡ್ತಿದ್ದೀನಿ."

ನಾನು ದೂರಿನ ಫೋಟೊ ತೋರಿಸಿದೆ. ಮಡಿಸಿಕೊಂಡ ಗಾಡಿ, ಪಕ್ಕದಲ್ಲಿ ಅಜ್ಜಿಯ ಕೈಯಲ್ಲಿ ಮಗು, ಪಟ್ಟಿ ಸುತ್ತಿದ ಬೆರಳು. ಅವನು ತನ್ನ ಮಗುವನ್ನು ಇನ್ನಷ್ಟು ಎದೆಗೊತ್ತಿಕೊಂಡ.

"ಇವನು ಅದರಲ್ಲಿ ಎರಡು ತಿಂಗಳು ಕೂತಿದ್ನಮ್ಮ," ಎಂದ. "ನಾಳೆ ಎಷ್ಟು ಗಂಟೆಗೆ ಬರಬೇಕು ಹೇಳಿ."

ಗುರುವಾರ ಹತ್ತು ಗಂಟೆಗೆ ವಿಚಾರಣೆ. ಉದ್ದನೆಯ ಮೇಜು, ಆರು ಕುರ್ಚಿ, ಗೋಡೆಗೆ ಒಂದು ಪರದೆ. ನಡುವೆ ಅಧಿಕಾರಿ, ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡ ಹೆಂಗಸು. ಒಂದು ಕಡೆ ಮಗುವಿನ ತಾಯಿ, ಅಜ್ಜಿ, ಮಗು. ಇನ್ನೊಂದು ಕಡೆ ನಾನು, ಪಕ್ಕದಲ್ಲಿ ಮೈದುನ. ಅವನನ್ನು ಕರೆತರಲು ನಾನು ಪಟ್ಟ ಪಾಡು ಹೇಳಿದರೆ ಅದೇ ಒಂದು ಕಥೆಯಾಗುತ್ತದೆ. ಲಸಿಕೆ ಕೇಂದ್ರದ ವಿಷಯ ಹೇಳಿದ್ದೆ, ಅವನು ತಲೆಯಾಡಿಸಿದ್ದ ಅಷ್ಟೇ. ಕಣ್ಣಿಂದ ನೋಡುವ ತನಕ ಅವನು ನಂಬುವವನಲ್ಲ.

ಗುಮಾಸ್ತ ಪರವಾನಗಿ ಸಂಖ್ಯೆ ಹಾಕಿ ಪರದೆಯ ಮೇಲೆ ಹಸಿರು ಟಿಕ್ಕು ತೋರಿಸಿದ. "ಮುದ್ರೆ ಸರಿಯಿದೆ ಮೇಡಂ. ಹಾಗಾಗಿ ದೋಷ ರಿಪೇರಿಯಲ್ಲೇ."

"ಕೆಳಗಿನ ಸಾಲು ಓದಪ್ಪ," ಎಂದೆ.

"ಯಾವ ಸಾಲು?"

"ಟಿಕ್ಕಿನ ಕೆಳಗೆ ದೇವರು ಇನ್ನೂ ನಾಲ್ಕು ಸಾಲು ಕೊಟ್ಟಿದ್ದಾನೆ. ಗಟ್ಟಿಯಾಗಿ ಓದು, ಎಲ್ಲರಿಗೂ ಕೇಳಲಿ."

ಅವನು ಪರದೆ ಸರಿಸಿದ. ಓದಲು ಶುರು ಮಾಡಿದ. "ಪರವಾನಗಿದಾರರ ಹೆಸರು, ವಿಳಾಸ. ವಸ್ತು, ಶಿಶುಗಳ ಪ್ಲಾಸ್ಟಿಕ್..." ಅಲ್ಲಿಗೆ ಅವನ ದನಿ ನಿಂತಿತು.

"ಮುಗ್ಸು," ಎಂದರು ಅಧಿಕಾರಿ.

"ಹಾಲಿನ ಬಾಟಲಿ, ಮೇಡಂ."

ನಾನು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಮುದ್ರೆ ನೋಡಿದರು, ಪರದೆಯ ಮೇಲಿನ ಚೀಟಿ ನೋಡಿದರು, ಮತ್ತೆ ಬಾಟಲಿ ನೋಡಿದರು. ಆಮೇಲೆ ಗುಮಾಸ್ತನನ್ನು ನೋಡಿದ ರೀತಿ ನನಗೆ ಬಹಳ ಇಷ್ಟವಾಯಿತು.

"ಅಂದ್ರೆ ನೀವು ನಕಲಿ ಗಾಡಿ ಮಾರಿದ್ರಿ ಅಂತಾಯ್ತು," ಎಂದರು ನನ್ನ ಕಡೆ ತಿರುಗಿ.

"ನಾವು ಮಾರಿದ ಗಾಡಿ ಹೊರಗೆ ನಿಂತಿದೆ," ಎಂದು ನಾನೇ ಎದ್ದು ಬಾಗಿಲು ತೆರೆದೆ.

ಬಿಳಿ ಅಂಗಿಯವನು ಮಗುವನ್ನು ಗಾಡಿಯಲ್ಲೇ ಕೂರಿಸಿಕೊಂಡು ಬಂದ. ನಿನ್ನೆ ಅಳುತ್ತಿದ್ದ ಮಗು ಇವತ್ತು ರಾಜನ ಹಾಗೆ ಕಾಲು ಚಾಚಿ ಕೂತಿತ್ತು. ತಾವು ಕೊಂಡ ಗಾಡಿಯ ಆನ್‌ಲೈನ್ ಜಾಹೀರಾತಿನ ಫೋಟೊವನ್ನೂ ಅವನು ತಂದಿದ್ದ, ಸಂದಿಲ್ಲದ ಕೆಂಪು ಲಾಕು ಅದರಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಅಧಿಕಾರಿ ಕುರ್ಚಿ ಬಿಟ್ಟು ಎದ್ದು ಬಂದು, ಬಗ್ಗಿ, ಚೀಟಿಯ ಒಂದೊಂದು ಸಾಲನ್ನೂ ನನ್ನ ಫೋಟೊದ ಜೊತೆ ಹೋಲಿಸಿ ನೋಡಿದರು. ಪರವಾನಗಿ ಸಂಖ್ಯೆಯನ್ನು ತಾವೇ ಹಾಕಿ, ಹಸಿರು ಬಂದಮೇಲೆ ಕೆಳಗಿನದನ್ನು ತಾವೇ ಗಟ್ಟಿಯಾಗಿ ಓದಿದರು. ವಸ್ತು, ಮಕ್ಕಳ ತಳ್ಳುಗಾಡಿ.

"ಲಾಕು ತೋರ್ಸಿ," ಎಂದರು.

ನಾನು ಮೈದುನನ ಭುಜ ಮುಟ್ಟಿದೆ. ಅವನು ಎದ್ದ. ಮಗುವನ್ನು ಅಪ್ಪನ ಕೈಗೆ ಕೊಡಿಸಿ, ಗಾಡಿಯ ಮುಂದೆ ಮಂಡಿಯೂರಿದ. ಆರು ದಿನ ಏನನ್ನೂ ಮುಟ್ಟದ ಕೈ. ಮೊದಲ ಲಾಕು ಬಿಚ್ಚಿ ಹಿಡಿಕೆಯನ್ನು ಬಲವಾಗಿ ಕೆಳಕ್ಕೆ ಒತ್ತಿದ. ಗಾಡಿ ಅಲುಗಲಿಲ್ಲ. ಮೇಲೆ ಮೈಭಾರ ಬಿಟ್ಟ, ಆಗಲೂ ಇಲ್ಲ. ನಂತರ ಕೆಂಪು ಲಾಕಿನ ಹಿಂದೆ ಬೆರಳು ಹಾಕಿ ಎಳೆದ. ಆಗ ಮಾತ್ರ ಅದು ಮಡಿಸಿಕೊಂಡಿತು. ಬಿಚ್ಚಿದ, ಎರಡು ಲಾಕೂ ಟಕ್ ಟಕ್ ಎಂದು ಕೂತವು. ಮತ್ತೊಮ್ಮೆ ಮಾಡಿದ. ಯಾರೂ ಕೇಳದಿದ್ದರೂ ಮೂರನೆಯ ಸಲವೂ ಮಾಡಿದ. ಅದು ಅಧಿಕಾರಿಗಲ್ಲ, ತನಗೇ ತೋರಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಬರಲಿ ಎಂದು ಬಿಟ್ಟೆ.

ಅಧಿಕಾರಿ ಅಲ್ಲೇ ಆದೇಶ ಬರೆಸಿದರು. ನಮ್ಮ ಮೇಲಿನ ದೂರು ವಜಾ, ಅಂಗಡಿ ಇವತ್ತೇ ತೆರೆಯಬಹುದು. ನಕಲಿ ಗಾಡಿಯ ಜಾಹೀರಾತು ತೆಗೆಸಬೇಕು, ಕೊಂಡವರಿಗೆಲ್ಲ ಎಚ್ಚರಿಕೆ ಹೋಗಬೇಕು, ಬಾಟಲಿ ಕಾರ್ಖಾನೆಗೂ ತಿಳಿಸಬೇಕು. ಕೊನೆಗೆ ಗುಮಾಸ್ತನಿಗೆ, ಇನ್ನು ಮುಂದೆ ಟಿಕ್ಕು ಬಂದರೂ ವಸ್ತುವಿನ ಹೆಸರು ಓದದೆ ಯಾವ ಕಡತವನ್ನೂ ಮುಂದೆ ಕಳಿಸಬಾರದು ಎಂದರು. ನಾನು ಮುಖ ಗಂಭೀರವಾಗಿ ಇಟ್ಟುಕೊಂಡೆ. ನಾಲ್ಕು ದಿನ ನಾನೂ ಓದಿರಲಿಲ್ಲ ಎಂದು ಅಲ್ಲಿ ಹೇಳುವ ಅಗತ್ಯ ಕಾಣಲಿಲ್ಲ.

ಅಜ್ಜಿ ಮೇಜು ಸುತ್ತಿ ಬಂದು ಮೈದುನನ ಎದುರು ನಿಂತರು. "ನಿಮ್ಮ ಕೈಗೆ ಹಿಡಿಶಾಪ ಹಾಕಿದ್ದೆನಪ್ಪ," ಎಂದರು. "ವಾಪಸ್ ತಗೊಂಡಿದ್ದೀನಿ. ನಮ್ಮ ಗಾಡಿ ನಮಗೆ ಕೊಡಿ. ನೀವು ಸರಿಯಿದೆ ಅಂದ್ರೆ ಈಗಲೇ ಇವಳನ್ನ ಕೂರಿಸ್ಕೊಂಡು ಹೋಗ್ತೀನಿ."

ಬಿಳಿ ಅಂಗಿಯವನಿಗೆ ನಮ್ಮ ಅಂಗಡಿಯಿಂದ ಬೇರೆ ಗಾಡಿ ಕೊಡುವುದೆಂದು ನಾನು ಆಗಲೇ ಹೇಳಿದ್ದೆ, ಅವನು ಸಂತೋಷವಾಗಿ ಹಿಡಿಕೆ ಬಿಟ್ಟುಕೊಟ್ಟ. ಎಲ್ಲರೂ ಮೈದುನನ ಬಾಯಿಂದ ಒಂದು 'ಹೂಂ' ಬರಲೆಂದು ಕಾದರು. ಅವನು ಗಾಡಿಯನ್ನು ಓರೆ ಮಾಡಿ, ಚಕ್ರ ಸುತ್ತಿಸಿ, ಅಚ್ಚಿನ ಹತ್ತಿರ ಬೆರಳು ಒರೆಸಿ ಬೆಳಕಿಗೆ ಹಿಡಿದ. ಬೆರಳ ತುದಿಯಲ್ಲಿ ಕಪ್ಪು ಮಣ್ಣಿನ ಜಿಡ್ಡು. ಮೂಸಿ ನೋಡಿದ. ನಿಧಾನವಾಗಿ ತಲೆ ಎತ್ತಿದ. ಮೂವತ್ತು ವರ್ಷದಲ್ಲಿ ಅವನ ಕಣ್ಣಲ್ಲಿ ಅಂಥ ಕೆಂಡ ನಾನು ಕಂಡಿರಲಿಲ್ಲ.

"ಯಾರ್ರೀ ಇದಕ್ಕೆ ಅಡುಗೆ ಎಣ್ಣೆ ಬಿಟ್ಟಿದ್ದು?" ಎಂದು ಇಡೀ ಕಚೇರಿಗೆ ಕೇಳುವ ಹಾಗೆ ಗದರಿದ. "ಒಗ್ಗರಣೆ ಹಾಕೋಕೆ ಹೊರಟಿದ್ರಾ? ಧೂಳೆಲ್ಲಾ ಅಂಟಿ ಕೂತಿದೆ. ಇದನ್ನ ತೊಳೀದೆ ನಾನು ಯಾವ ಮಗುನೂ ಕೂರ್ಸೋಕೆ ಬಿಡಲ್ಲ."

ಬಿಳಿ ಅಂಗಿಯವನು ಛಾವಣಿ ನೋಡಿದ. ಅಧಿಕಾರಿ ಕಡತದ ಹಿಂದೆ ಬಾಯಿ ಮುಚ್ಚಿಕೊಂಡರು.

ಮೈದುನ ನನ್ನ ಕಡೆ ಕೈ ಚಾಚಿದ. "ಅತ್ತಿಗೆ, ಸ್ಪ್ಯಾನರ್ ಎಲ್ಲಿ?"

ನಾನು ಚೀಲದಿಂದ ತೆಗೆದು ಕೊಟ್ಟೆ. ಬೆಳಗ್ಗೆಯೇ ಹಾಕಿಕೊಂಡು ಬಂದಿದ್ದೆ.